ನೆಲಮಾಳಿಗೆಯ ಯಂತ್ರ, ಮೂರು ಕಳೆಯುವ ಲೆಕ್ಕ

ದೊಡ್ಡ ಆಸ್ಪತ್ರೆಗೋ ಮಾಲ್‌ಗೋ ಹೋದಾಗ ಒಳಗೆಲ್ಲ ತಂಪಾಗಿರುತ್ತದೆ. ಆದರೆ ಮನೆಗಳಲ್ಲಿ ಗೋಡೆಗೆ ಹಾಕುತ್ತಾರಲ್ಲ, ಅಂಥ ಎ.ಸಿ. ಪೆಟ್ಟಿಗೆ ಅಲ್ಲಿ ಕಾಣುವುದು ಕಡಿಮೆ. ಛಾವಣಿಯಲ್ಲಿರುವ ಕಿಂಡಿಗಳಿಂದ ತಣ್ಣನೆಯ ಗಾಳಿ ಸುಮ್ಮನೆ ಇಳಿದು ಬರುತ್ತಿರುತ್ತದೆ. ಆ ತಂಪು ತಯಾರಾಗುವ ಜಾಗ ಬೇರೆ ಇದೆ. ಸಾಮಾನ್ಯವಾಗಿ ಅದು ನೆಲಮಾಳಿಗೆಯಲ್ಲಿರುತ್ತದೆ. 'ಪ್ಲಾಂಟ್ ರೂಮ್' ಎಂದು ಬೋರ್ಡ್ ಹಾಕಿದ ಬಾಗಿಲು, ಒಳಗೆ ಕಿವಿಗಡಚಿಕ್ಕುವ ಸದ್ದು, ಮಿನಿಬಸ್ಸಿನಷ್ಟು ಉದ್ದದ ಒಂದು ಯಂತ್ರ. ಅದರ ಹೆಸರು ಚಿಲ್ಲರ್. ಅದು ತಣ್ಣಗೆ ಮಾಡುವುದು ಗಾಳಿಯನ್ನಲ್ಲ, ನೀರನ್ನು. ಆ ತಣ್ಣೀರು ಪೈಪಿನಲ್ಲಿ ಮೇಲಿನ ಅಂತಸ್ತುಗಳಿಗೆ ಹೋಗುತ್ತದೆ, ಅಲ್ಲಿ ಫ್ಯಾನುಗಳು ಅದು ಹರಿಯುವ ಸುರುಳಿಗಳ ಮೇಲೆ ಗಾಳಿ ಬೀಸುತ್ತವೆ.

ಕಂಪ್ರೆಸರ್, ಕೊಳವೆಗಳು, ಕಂಟ್ರೋಲ್ ಪೆಟ್ಟಿಗೆ ಎಲ್ಲವನ್ನೂ ಕಾರ್ಖಾನೆಯಲ್ಲೇ ಒಂದೇ ಚೌಕಟ್ಟಿನ ಮೇಲೆ ಜೋಡಿಸಿ ಲಾರಿಯಲ್ಲಿ ತಂದಿಳಿಸುವುದರಿಂದ ಇದನ್ನು ಪ್ಯಾಕೇಜ್ಡ್ ಚಿಲ್ಲರ್ ಅನ್ನುತ್ತಾರೆ. ತಂದವರು ನೀರಿನ ಪೈಪು, ಕರೆಂಟು ಕೊಟ್ಟು, ಓಡಿಸಿ ತೋರಿಸಿ, ಒಂದು ದಿನ ಹೊರಟುಬಿಡುತ್ತಾರೆ. ಆಮೇಲೆ ಇಪ್ಪತ್ತು ವರ್ಷ ಅದನ್ನು ನೋಡಿಕೊಳ್ಳುವವರು ಬೇರೆಯವರು, ಅಂದರೆ ಕಟ್ಟಡದ ನಿರ್ವಹಣೆ ತಂಡದ ಅಣ್ಣಂದಿರು, ಅಕ್ಕಂದಿರು. ಮೂರು ಶಿಫ್ಟು, ಹಗಲೂ ರಾತ್ರಿ. ಹೊರಡುವವರು ಉಳಿಯುವವರ ಕೈಗೆ ಒಂದು ಪುಸ್ತಕ ಕೊಡಬೇಕು. ಈ ಯಂತ್ರವನ್ನು ಹೇಗೆ ಓಡಿಸುವುದು, ಹೇಗೆ ಕಾಪಾಡುವುದು ಎಂದು ಹೇಳುವ ಪುಸ್ತಕ. ಅಂಥ ಪುಸ್ತಕದಲ್ಲಿ ಏನೇನಿರಬೇಕು ಎಂದು ಇವತ್ತು ನೋಡೋಣ. ಅದನ್ನು ನೋಡುತ್ತ ಹೋದರೆ ಯಂತ್ರವೇ ಅರ್ಥವಾಗಿಬಿಡುತ್ತದೆ.

ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಒಂದು ಆಸ್ಪತ್ರೆ. ಅಲ್ಲಿ 100 ಟನ್ ಚಿಲ್ಲರ್. ಇಲ್ಲಿ ಟನ್ ಎಂದರೆ ಯಂತ್ರದ ತೂಕವಲ್ಲ. ಹಿಂದೆ ಕೆರೆಗಳಲ್ಲಿ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನೇ ಕಡಿದು ತಂದು ತಂಪಿಗೆ ಬಳಸುತ್ತಿದ್ದ ಕಾಲವಿತ್ತು. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಹಡಗಿನಲ್ಲಿ ಮಂಜುಗಡ್ಡೆ ಕಲ್ಕತ್ತೆಗೇ ಬಂದಿತ್ತು. ಒಂದು ಟನ್ ಮಂಜುಗಡ್ಡೆ ಒಂದು ಇಡೀ ದಿನದಲ್ಲಿ ಕರಗುತ್ತ ಎಷ್ಟು ಶಾಖ ಹೀರುತ್ತದೋ ಅದೇ 'ಒಂದು ಟನ್' ತಂಪು. ಇಂದಿನ ಅಳತೆಯಲ್ಲಿ ಅದು ಸುಮಾರು ಮೂರೂವರೆ ಕಿಲೋವ್ಯಾಟ್. ನಮ್ಮ 100 ಟನ್ ಯಂತ್ರ ಕಟ್ಟಡದಿಂದ ಸುಮಾರು 350 ಕಿಲೋವ್ಯಾಟ್ ಶಾಖವನ್ನು ಹೊರಗೆಳೆಯುತ್ತದೆ. ಆ ಕೆಲಸಕ್ಕೆ ಅದರ ಕಂಪ್ರೆಸರ್ ತಿನ್ನುವ ಕರೆಂಟು 65 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ.

ಬರೀ 65 ಖರ್ಚು ಮಾಡಿ 350 ಹೊರಹಾಕುವುದು ಹೇಗೆ? ಅದು ತಂಪನ್ನು ಸೃಷ್ಟಿಸುತ್ತಿಲ್ಲ, ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಹಾಕುತ್ತಿದೆ, ಅಷ್ಟೆ. ಹೊರುವ ಕೂಲಿ ಆ 65.

ಹೊರುವುದು ಹೇಗೆಂದು ತಿಳಿಯಲು ಅಡುಗೆಮನೆಯ ಕುಕ್ಕರ್ ಸಾಕು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನ ಮುಚ್ಚಳ ಬಿಗಿದು ಒತ್ತಡ ಏರಿಸಿದರೆ 120 ಡಿಗ್ರಿಯ ಹತ್ತಿರ ಹೋದಮೇಲೆ ಕುದಿಯುತ್ತದೆ. ಒತ್ತಡ ಹೆಚ್ಚಿದರೆ ಕುದಿಯುವ ಬಿಸಿಯೂ ಹೆಚ್ಚು, ಒತ್ತಡ ತಗ್ಗಿದರೆ ಅದೂ ಕಡಿಮೆ. ಚಿಲ್ಲರಿನೊಳಗೆ ನೀರಿನ ಬದಲು ಆರ್-134ಎ ಎಂಬ ದ್ರವವಿದೆ. ಮೆಕ್ಯಾನಿಕ್‌ಗಳು ಇದನ್ನು 'ಗ್ಯಾಸ್' ಎಂದೇ ಕರೆಯುತ್ತಾರೆ, ನಾವೂ ಹಾಗೇ ಕರೆಯೋಣ. ತೆರೆದಿಟ್ಟರೆ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಹಾರಿಹೋಗುತ್ತದೆ. ಆದ್ದರಿಂದ ಇದನ್ನು ಉಕ್ಕಿನ ಪೀಪಾಯಿಗಳಲ್ಲಿ ಒತ್ತಡ ಕೊಟ್ಟು ಹಿಡಿದಿಟ್ಟಿದ್ದಾರೆ.

ಪೀಪಾಯಿಗಳು ಎರಡು. ಎರಡರ ಒಳಗೂ ನೂರಾರು ಸಪೂರ ತಾಮ್ರದ ಕೊಳವೆಗಳು. ಕೊಳವೆಯೊಳಗೆ ನೀರು, ಹೊರಗೆ ಗ್ಯಾಸ್. ಮೊದಲ ಪೀಪಾಯಿಯಲ್ಲಿ ಕಂಪ್ರೆಸರ್ ಗ್ಯಾಸನ್ನು ಹೀರಿ ಹೀರಿ ಒತ್ತಡವನ್ನು ತಗ್ಗಿನಲ್ಲಿಡುತ್ತದೆ. ಅದಕ್ಕೇ ಅಲ್ಲಿ ದ್ರವ 5 ಡಿಗ್ರಿಗೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಎಲ್ಲಿಂದ ತರಬೇಕು? ಕೊಳವೆಯೊಳಗಿನ ನೀರಿನಿಂದ. ವಾರ್ಡುಗಳಿಂದ 12 ಡಿಗ್ರಿಯಲ್ಲಿ ಮರಳಿದ ನೀರು ಶಾಖ ಕಳೆದುಕೊಂಡು 7 ಡಿಗ್ರಿಗೆ ಇಳಿದು ಮತ್ತೆ ಮೇಲೆ ಹೋಗುತ್ತದೆ. ಈ ಪೀಪಾಯಿ ಇವ್ಯಾಪೊರೇಟರ್. ಎರಡನೆಯದು ಕಂಡೆನ್ಸರ್. ಕಂಪ್ರೆಸರ್ ಒತ್ತಿ ಕಳಿಸಿದ ಗ್ಯಾಸ್ ಇಲ್ಲಿ 36 ಡಿಗ್ರಿಯಲ್ಲಿ ಮತ್ತೆ ದ್ರವವಾಗುತ್ತದೆ, ಹೊತ್ತು ತಂದ ಶಾಖವನ್ನೆಲ್ಲ ಇನ್ನೊಂದು ನೀರಿಗೆ ಸುರಿಯುತ್ತದೆ. ಆ ನೀರು 29 ಡಿಗ್ರಿಯಲ್ಲಿ ಒಳಬಂದು 34ಕ್ಕೆ ಬಿಸಿಯಾಗಿ ಹೊರಟು, ಟೆರೇಸಿನ ಮೇಲಿರುವ ಕೂಲಿಂಗ್ ಟವರಿನಲ್ಲಿ ಹನಿಹನಿಯಾಗಿ ಉದುರುತ್ತ ಗಾಳಿಗೆ ತಣಿಯುತ್ತದೆ. ದ್ರವವಾದ ಗ್ಯಾಸ್ ಒಂದು ಕಿರಿದಾದ ವಾಲ್ವಿನ ಮೂಲಕ ನುಸುಳಿ ಮೊದಲ ಪೀಪಾಯಿಗೆ ಮರಳುತ್ತದೆ.

ಈಗ ಪುಸ್ತಕ ತೆರೆಯೋಣ.

ಮೊದಲ ಪುಟಗಳಲ್ಲಿ ಯಂತ್ರದ ಜಾತಕ ಇರುತ್ತದೆ. ಯಾವ ಮಾದರಿ, ಯಾವ ಸೀರಿಯಲ್ ನಂಬರ್, ಎಷ್ಟು ಕೆ.ಜಿ. ಗ್ಯಾಸ್, ಯಾವ ಎಣ್ಣೆ. ಅದರ ಹಿಂದೆಯೇ ಪೈಪುಗಳ ನಕ್ಷೆ. ನಕ್ಷೆಯಲ್ಲಿ ಎರಡು ಬಗೆ. ಕಟ್ಟುವ ಮುಂಚೆ ಬರೆದದ್ದು ಒಂದು, ಕಟ್ಟಿದ ಮೇಲೆ ಇದ್ದದ್ದು ಇದ್ದಹಾಗೆ ತಿದ್ದಿ ಬರೆದದ್ದು ಇನ್ನೊಂದು. ಪುಸ್ತಕದಲ್ಲಿ ಇರಬೇಕಾದದ್ದು ಎರಡನೆಯದು. ರಾತ್ರಿ ಎರಡು ಗಂಟೆಗೆ ಪೈಪು ಸೋರಿದಾಗ, ನಕ್ಷೆಯಲ್ಲಿ ವಾಲ್ವ್ ತೋರಿಸಿದ ಜಾಗದಲ್ಲಿ ಬರೀ ಗೋಡೆ ಇದ್ದರೆ ಹೇಗಿರುತ್ತದೆ, ಯೋಚಿಸಿ. ಒಳ್ಳೆಯ ತಂಡವಾದರೆ ಪ್ರತಿ ವಾಲ್ವಿಗೂ ಹಿತ್ತಾಳೆಯ ಬಿಲ್ಲೆ ಕಟ್ಟಿ ನಂಬರ್ ಕೆತ್ತಿಸಿರುತ್ತದೆ. ನಕ್ಷೆಯಲ್ಲೂ ಅದೇ ನಂಬರ್.

ಮುಂದಿನ ಅಧ್ಯಾಯ, ಚಾಲೂ ಮಾಡುವ ಕ್ರಮ. ಚಿಲ್ಲರ್ ಓಡಬೇಕೆಂದರೆ ಮೊದಲು ಚಿಲ್ಲರನ್ನೇ ಒತ್ತುವಂತಿಲ್ಲ. ಮೊದಲು ವಾಲ್ವುಗಳು ತೆರೆದಿವೆಯೇ ನೋಡಬೇಕು. ಆಮೇಲೆ ತಣ್ಣೀರಿನ ಪಂಪು, ಬಳಿಕ ಕಂಡೆನ್ಸರ್ ನೀರಿನ ಪಂಪು, ಬಳಿಕ ಟವರಿನ ಫ್ಯಾನು. ಎರಡೂ ನೀರು ಹರಿಯುತ್ತಿರುವುದು ಖಾತ್ರಿಯಾದ ಮೇಲೆ, ಎಲ್ಲಕ್ಕಿಂತ ಕೊನೆಗೆ ಕಂಪ್ರೆಸರ್. ನಿಲ್ಲಿಸುವಾಗ ತಿರುವುಮುರುವು: ಕಂಪ್ರೆಸರ್ ಮೊದಲು ನಿಲ್ಲಬೇಕು, ಪಂಪುಗಳು ಕೆಲವು ನಿಮಿಷ ಬಿಟ್ಟು.

ಬರೀ ಕ್ರಮ ಬರೆದು ಕಾರಣ ಬರೆಯದ ಪುಸ್ತಕಗಳೇ ಹೆಚ್ಚು. ನನ್ನ ಮಟ್ಟಿಗೆ ಅದು ಅರ್ಧ ಪುಸ್ತಕ. ಕಾರಣ ತಿಳಿಯದ ಕ್ರಮವನ್ನು ಅವಸರದ ದಿನ ಯಾರಾದರೂ ಮುರಿಯುತ್ತಾರೆ. ಇಲ್ಲಿನ ಕಾರಣ ನಿಮಗೇ ಹೊಳೆಯಬಹುದು. ಇವ್ಯಾಪೊರೇಟರಿನಲ್ಲಿ ನೀರು ನಿಂತಿದ್ದು ಕಂಪ್ರೆಸರ್ ಮಾತ್ರ ಓಡಿದರೆ ಏನಾಗುತ್ತದೆ? ಹೊಸ ಶಾಖ ಬರುವುದಿಲ್ಲ, ಇರುವ ನೀರು ತಣಿಯುತ್ತಲೇ ಹೋಗಿ ಕೊಳವೆಯೊಳಗೇ ಮಂಜುಗಡ್ಡೆಯಾಗುತ್ತದೆ. ನೀರು ಗಡ್ಡೆಯಾದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ತೆಳು ತಾಮ್ರದ ಕೊಳವೆ ಅದನ್ನು ತಡೆಯಲಾರದೆ ಸೀಳುತ್ತದೆ. ಮಂಜು ಕರಗಿದ ಮೇಲೆ ಆ ಸೀಳಿನಿಂದ ಗ್ಯಾಸ್ ನೀರಿಗೆ, ನೀರು ಗ್ಯಾಸಿಗೆ. ಗ್ಯಾಸಿನ ಜೊತೆ ಎಣ್ಣೆ ಇರುತ್ತದೆ, ಎಣ್ಣೆಗೆ ನೀರು ಸೇರಿದರೆ ಕಂಪ್ರೆಸರೂ ಕೆಡುತ್ತದೆ. ಒಂದು ಪಂಪನ್ನು ಮರೆತದ್ದಕ್ಕೆ ಇಡೀ ಯಂತ್ರ ಬಿಚ್ಚಬೇಕಾಗುತ್ತದೆ. ಇದನ್ನು ತಡೆಯಲು ಪೈಪಿನೊಳಗೆ ಫ್ಲೋ ಸ್ವಿಚ್ ಎಂಬ ಕಾವಲುಗಾರ ಇದೆ. ನೀರು ಹರಿದರಷ್ಟೇ ಅದು ಕಂಪ್ರೆಸರಿಗೆ ಅನುಮತಿ ಕೊಡುತ್ತದೆ. ಅದು ಪದೇಪದೇ ಕಾಟ ಕೊಡುತ್ತದೆಂದು ತಂತಿ ಜೋಡಿಸಿ ಅದನ್ನು ಸುಮ್ಮನಾಗಿಸುವವರಿದ್ದಾರೆ. ಹಾಗೆ ಮಾಡಲೇಬಾರದು ಎಂಬ ಸಾಲು ಪುಸ್ತಕದಲ್ಲಿ ದಪ್ಪಕ್ಷರದಲ್ಲಿರಬೇಕು.

ಇನ್ನೊಂದು ಸಾಲೂ ದಪ್ಪಕ್ಷರಕ್ಕೆ ಅರ್ಹ: ರಾತ್ರಿ ಯಂತ್ರ ನಿಲ್ಲಿಸಿದಾಗ ಮೇನ್ ಸ್ವಿಚ್ ಆರಿಸಬೇಡಿ. ಕರೆಂಟು ಉಳಿಸುವ ಒಳ್ಳೆಯ ಮನಸ್ಸಿನಿಂದ ಆರಿಸುವವರೇ ಹೆಚ್ಚು. ಆದರೆ ಕಂಪ್ರೆಸರಿನ ಎಣ್ಣೆಯನ್ನು ಬೆಚ್ಚಗಿಡುವ ಪುಟ್ಟ ಹೀಟರ್ ಅದೇ ಲೈನಿನಲ್ಲಿರುತ್ತದೆ. ಎಣ್ಣೆ ತಣ್ಣಗಾದರೆ ಗ್ಯಾಸ್ ಅದರಲ್ಲಿ ಕರಗಿ ಕೂರುತ್ತದೆ. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಒತ್ತಡ ಇಳಿದು, ಕರಗಿದ ಗ್ಯಾಸೆಲ್ಲ ಒಮ್ಮೆಗೇ ಗುಳ್ಳೆಯೆದ್ದು ಎಣ್ಣೆ ನೊರೆಯಾಗುತ್ತದೆ. ನೊರೆಗೆ ಲೋಹವನ್ನು ಕಾಪಾಡುವ ಶಕ್ತಿ ಇಲ್ಲ. ದಿನಗಟ್ಟಲೆ ಕರೆಂಟಿಲ್ಲದೆ ನಿಂತಿದ್ದ ಯಂತ್ರಕ್ಕೆ ಮೊದಲು ಹೀಟರ್ ಹಾಕಿ, ಸಾಮಾನ್ಯವಾಗಿ ಒಂದು ಹಗಲು ಒಂದು ರಾತ್ರಿ ಕಾದು ಆಮೇಲೆ ಓಡಿಸುತ್ತಾರೆ.

ಇಷ್ಟಾದ ಮೇಲೆ ಬರುವ ಪುಟವೇ ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಬೆಲೆಬಾಳುವಂಥದ್ದು. ನೋಡಲು ಏನೂ ಇಲ್ಲ, ಒಂದು ಕೋಷ್ಟಕ, ಕೆಲವು ಅಂಕಿಗಳು. ಯಂತ್ರ ಒಪ್ಪಿಸಿದ ದಿನ ಅದನ್ನು ಪೂರ್ತಿ ಹೊರೆಯಲ್ಲಿ ಓಡಿಸಿ, ಎಲ್ಲ ಥರ್ಮಾಮೀಟರು, ಪ್ರೆಷರ್ ಗೇಜುಗಳನ್ನು ಓದಿ ಬರೆದ ಪುಟ. ಕೊಳವೆಗಳು ಹೊಸದಾಗಿ ಹೊಳೆಯುತ್ತಿದ್ದಾಗ ಯಂತ್ರ ಹೇಗಿತ್ತು ಎಂಬುದಕ್ಕೆ ಇರುವ ಒಂದೇ ಸಾಕ್ಷಿ ಅದು. ಕಾರ್ಖಾನೆಯವರ ಕೈಪಿಡಿ ಅದೇ ಮಾದರಿಯ ಎಲ್ಲ ಯಂತ್ರಗಳಿಗೂ ಒಂದೇ. ಈ ಪುಟ ಮಾತ್ರ ಈ ಯಂತ್ರದ್ದು, ಈ ಕಟ್ಟಡದ್ದು. ಮೂರು ದಪ್ಪ ಸಂಪುಟಗಳನ್ನು ಕೊಟ್ಟು ಈ ಒಂದು ಪುಟ ಬಿಟ್ಟು ಹೋಗುವುದೂ ಉಂಟು. ಅಂಥ ಸಂಪುಟಗಳು ಬೀರುವಿನಲ್ಲಿ ಬೀಗದೊಳಗೆ ಕೂರುತ್ತವೆ.

ನಮ್ಮ ಆಸ್ಪತ್ರೆಯ ಆ ಪುಟದಲ್ಲಿ ಕಂಡೆನ್ಸರಿನ ಸಾಲು ಹೀಗಿದೆ: ನೀರು ಒಳಗೆ 29, ನೀರು ಹೊರಗೆ 34, ಗ್ಯಾಸ್ 36. ಮೂರೇ ಅಂಕಿ. ಗ್ಯಾಸಿನ ಬಿಸಿಯನ್ನು ಥರ್ಮಾಮೀಟರ್ ಇಲ್ಲದೆಯೂ ತಿಳಿಯಬಹುದು. ಕುದಿಯುವ ಬಿಸಿಗೂ ಒತ್ತಡಕ್ಕೂ ಗಂಟು ಬಿದ್ದಿದೆಯಲ್ಲ? ಅದಕ್ಕೇ ಗೇಜಿನಲ್ಲಿ ಒತ್ತಡದ ವೃತ್ತದ ಒಳಗೆ ಡಿಗ್ರಿಯ ವೃತ್ತವನ್ನೂ ಅಚ್ಚುಹಾಕಿರುತ್ತಾರೆ. ಮುಳ್ಳು ಸುಮಾರು 8 ಬಾರ್ ತೋರಿಸಿದರೆ ಈ ಗ್ಯಾಸಿಗೆ ಅದು 36 ಡಿಗ್ರಿ.

ಈ ಮೂರು ಅಂಕಿಗಳಿಂದ ಎರಡು ಕಳೆಯುವ ಲೆಕ್ಕ ಮಾಡಿ. ಹೊರಹೋಗುವ ನೀರಿನಿಂದ ಒಳಬರುವ ನೀರು ಕಳೆದರೆ 34 – 29 = 5. ಗ್ಯಾಸಿನಿಂದ ಹೊರಹೋಗುವ ನೀರು ಕಳೆದರೆ 36 – 34 = 2. ಎರಡನೆಯ ಉತ್ತರಕ್ಕೆ ಎಂಜಿನಿಯರುಗಳು ಅಪ್ರೋಚ್ ಎನ್ನುತ್ತಾರೆ. ಗ್ಯಾಸೂ ನೀರೂ ಒಂದೇ ಬಿಸಿಯಲ್ಲಿದ್ದರೆ ಶಾಖ ದಾಟುವುದೇ ಇಲ್ಲ. ದಾಟಬೇಕಾದರೆ ಗ್ಯಾಸ್ ಸ್ವಲ್ಪ ಹೆಚ್ಚು ಬಿಸಿಯಾಗಿರಲೇಬೇಕು. ಕೊಳವೆ ಚೊಕ್ಕವಾಗಿದ್ದರೆ ಸಣ್ಣ ಅಂತರ ಸಾಕು. ಕೊಳವೆಯ ಒಳಮೈಗೆ ಏನಾದರೂ ಮೆತ್ತಿಕೊಂಡರೆ ಅದೇ ಶಾಖವನ್ನು ದಾಟಿಸಲು ದೊಡ್ಡ ಅಂತರ ಬೇಕು. ಆದ್ದರಿಂದ ಈ 2 ಎಂಬ ಅಂಕಿ ಏರತೊಡಗಿದರೆ, ಮುಚ್ಚಿದ ಪೀಪಾಯಿಯೊಳಗೆ ಕೊಳೆ ಕಟ್ಟುತ್ತಿದೆ ಎಂದು ಹೊರಗಿನಿಂದಲೇ ಹೇಳಬಹುದು.

ಮೆತ್ತಿಕೊಳ್ಳುವುದು ಏನು? ಬೆಂಗಳೂರಿನ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿವೆ. ಸ್ನಾನದ ನೀರು ಕಾಯಿಸುವ ಹಂಡೆಯ ತಳದಲ್ಲೋ ಗೀಸರಿನ ಕಾಯಿಲಿನ ಮೇಲೋ ಬಿಳಿ ಗಟ್ಟಿ ಪದರ ಕಂಡಿರುತ್ತೀರಿ. ಅದೇ ಪದರ ಇಲ್ಲಿಯೂ. ಟವರಿನಲ್ಲಿ ನೀರು ತಣಿಯುವುದೇ ತನ್ನ ಒಂದು ಪಾಲು ಆವಿಯಾಗಿ ಹೋಗುವುದರಿಂದ. ನಮ್ಮ ಯಂತ್ರದಲ್ಲಿ ಪೂರ್ತಿ ಹೊರೆಯಿದ್ದಾಗ ಗಂಟೆಗೆ 500 ಲೀಟರಿನ ಆಸುಪಾಸು ಹೀಗೆ ಹಾರಿಹೋಗುತ್ತದೆ. ಹಾರುವುದು ಶುದ್ಧ ನೀರು ಮಾತ್ರ, ಲವಣ ಹಾರುವುದಿಲ್ಲ. ತೊಟ್ಟಿಗೆ ಮತ್ತೆ ಹೊಸ ನೀರು ಬಿಟ್ಟಾಗ ಹೊಸ ಲವಣವೂ ಬಂದು ಹಳೆಯದರ ಜೊತೆ ಸೇರುತ್ತದೆ. ಹೀಗೇ ಬಿಟ್ಟರೆ ನೀರು ದಿನದಿನಕ್ಕೆ ಉಪ್ಪುಪ್ಪಾಗಿ, ಕಂಡೆನ್ಸರಿನ ಬಿಸಿ ಕೊಳವೆಗಳಲ್ಲಿ ಲವಣ ಗಟ್ಟಿಯಾಗಿ ಕೂರುತ್ತದೆ. ತಾಮ್ರಕ್ಕೆ ಹೋಲಿಸಿದರೆ ಈ ಪದರ ನೂರಾರು ಪಟ್ಟು ಕಡಿಮೆ ಶಾಖ ಸಾಗಿಸುತ್ತದೆ, ಆದ್ದರಿಂದ ಕಾಗದದಷ್ಟು ದಪ್ಪ ಕೂತರೂ ಅಪ್ರೋಚ್ ಏರುತ್ತದೆ.

ತಡೆಯಲು ಎರಡು ಉಪಾಯ. ಹೊಸ ನೀರನ್ನು ಸಾಫ್ಟ್‌ನರ್ ಮೂಲಕ ಬಿಡುವುದು ಒಂದು. ತೊಟ್ಟಿಯ ಉಪ್ಪು ನೀರನ್ನು ಒಂದಿಷ್ಟು ಸದಾ ಹೊರಚೆಲ್ಲುತ್ತ ಇರುವುದು ಇನ್ನೊಂದು. ಚೆಲ್ಲುವುದಕ್ಕೆ ಬ್ಲೀಡ್ ಎನ್ನುತ್ತಾರೆ. ನೀರನ್ನು ಬೇಕೆಂದೇ ಚೆಲ್ಲುವುದು ನೋಡಿದವರಿಗೆ ದಂಡ ಅನ್ನಿಸುತ್ತದೆ. ಪುಸ್ತಕದಲ್ಲಿ ನೀರಿನ ಅಧ್ಯಾಯ ಇರುವುದು ಇದಕ್ಕೇ.

ಆ ಆಸ್ಪತ್ರೆಯಲ್ಲಿ ಏನಾಯಿತು ಎಂದು ಲಾಗ್ ಶೀಟ್ ನೋಡಿ ಹೇಳೋಣ. ಲಾಗ್ ಶೀಟ್ ಎಂದರೆ ಪ್ರತಿ ಶಿಫ್ಟಿನಲ್ಲಿ ಕೆಲವು ಗಂಟೆಗಳಿಗೊಮ್ಮೆ ಅಂಕಿಗಳನ್ನು ತುಂಬುವ ಹಾಳೆ. ಅದರ ಖಾಲಿ ನಮೂನೆಯೂ ಪುಸ್ತಕದಲ್ಲೇ ಇರುತ್ತದೆ. ಯಂತ್ರ ಒಪ್ಪಿಸಿದ್ದು ಜೂನ್‌ನಲ್ಲಿ, ಆಗ ಅಪ್ರೋಚ್ 2 ಡಿಗ್ರಿ. ಅಕ್ಟೋಬರಿನಲ್ಲಿ 2.5. ಜನವರಿಯಲ್ಲಿ 3. ಇಷ್ಟು ನಿಧಾನದ ಏರಿಕೆ ಎಲ್ಲ ಕಡೆಯೂ ಇದ್ದದ್ದೇ. ಆದರೆ ಏಪ್ರಿಲ್ ಮಧ್ಯಾಹ್ನದ ಸಾಲು ಹೀಗಿತ್ತು: ನೀರು ಒಳಗೆ 29, ಹೊರಗೆ 34, ಗ್ಯಾಸ್ 40. ಅಂದರೆ ಅಪ್ರೋಚ್ 6! ಮೂರು ತಿಂಗಳಲ್ಲಿ ಇಮ್ಮಡಿ.

ಇಷ್ಟಾಗಿಯೂ ವಾರ್ಡುಗಳಲ್ಲಿ ಯಾರಿಗೂ ಸೆಕೆಯಾಗಿರಲಿಲ್ಲ. ತಣ್ಣೀರು 7 ಡಿಗ್ರಿಯಲ್ಲೇ ಹೋಗುತ್ತಿತ್ತು. ಯಂತ್ರ ಮೊದಲಿನಂತೆಯೇ ದುಡಿಯುತ್ತಿದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅದು ಹೆಚ್ಚು ಕರೆಂಟು ತಿಂದು ಅದೇ ಕೆಲಸ ಮಾಡುತ್ತಿತ್ತು. ಗ್ಯಾಸನ್ನು ಒಂದು ಡಿಗ್ರಿ ಹೆಚ್ಚು ಬಿಸಿಯ ಮಟ್ಟಕ್ಕೆ ಒತ್ತಬೇಕಾದರೆ ಕಂಪ್ರೆಸರಿಗೆ ನೂರಕ್ಕೆ ಎರಡು ಮೂರರಷ್ಟು ಹೆಚ್ಚು ಶಕ್ತಿ ಬೇಕು. ಇಲ್ಲಿ ನಾಲ್ಕು ಡಿಗ್ರಿ ಏರಿದೆ, ಸುಮಾರು ನೂರಕ್ಕೆ ಹತ್ತು ಎನ್ನಿ. 65 ಕಿಲೋವ್ಯಾಟಿನ ಹತ್ತನೇ ಒಂದು ಪಾಲು 6.5. ದಿನಕ್ಕೆ 20 ಗಂಟೆ ಓಡಿದರೆ 130 ಯೂನಿಟ್ ದಂಡ. ತಿಂಗಳಿಗೆ 3,900. ಒಂದು ಮನೆಗೆ ತಿಂಗಳಿಗೆ 150 ಯೂನಿಟ್ ಬೇಕು ಎಂದುಕೊಂಡರೆ ಎಷ್ಟು ಮನೆಗಳ ಕರೆಂಟು ಅದು, ನೀವೇ ಭಾಗಿಸಿ ನೋಡಿ.

ಕಾರಣ ಎಲ್ಲಿ? ಲಾಗ್ ಶೀಟಿನ ಕೊನೆಯ ಕಲಮಿನಲ್ಲಿ. ಅಂಕಿಗಳ ಪಕ್ಕ 'ಷರಾ' ಎಂದು ಒಂದಿಷ್ಟು ಜಾಗ ಇರುತ್ತದೆ, ಬಹಳ ಕಡೆ ಅದು ಖಾಲಿಯೇ. ಇಲ್ಲಿ ಫೆಬ್ರವರಿಯ ಒಂದು ಹಾಳೆಯಲ್ಲಿ ರಾತ್ರಿ ಶಿಫ್ಟಿನವರು ಬರೆದಿದ್ದರು: ನೀರಿಗೆ ತೊಂದರೆ, ಟ್ಯಾಂಕರ್ ಬಂದಿಲ್ಲ, ಬ್ಲೀಡ್ ವಾಲ್ವ್ ಬಂದ್ ಮಾಡಿದೆ. ನೀರು ಉಳಿಸಲೆಂದೇ ಮಾಡಿದ ಕೆಲಸ. ಬೇಸಿಗೆಯ ಬೆಂಗಳೂರಿನಲ್ಲಿ ಯಾರೂ ತಪ್ಪೆನ್ನಲಾರರು. ಟ್ಯಾಂಕರ್ ಬಂದ ಮೇಲೆ ವಾಲ್ವ್ ಮತ್ತೆ ತೆರೆಯಬೇಕೆಂದು ಯಾರಿಗೂ ನೆನಪಾಗಲಿಲ್ಲ, ಅಷ್ಟೆ. ಷರಾ ಬರೆದವರು ದೊಡ್ಡ ಉಪಕಾರ ಮಾಡಿದರು. ಆ ಒಂದು ಸಾಲಿಲ್ಲದಿದ್ದರೆ ಕೊಳವೆ ತೊಳೆದು, ಬ್ಲೀಡ್ ಮುಚ್ಚಿಯೇ ಇಟ್ಟು, ಮೂರು ತಿಂಗಳಿಗೆ ಮತ್ತೆ ತೊಳೆಯಬೇಕಾಗುತ್ತಿತ್ತು.

ಆದರೆ ಗ್ಯಾಸ್ ಬಿಸಿಯಾದ ಕೂಡಲೇ ಕೊಳವೆ ಕೊಳಕಾಗಿದೆ ಎಂದು ತೀರ್ಮಾನಿಸುವಂತಿಲ್ಲ. ಗೇಜಿನ ಮುಳ್ಳು ಒಂದೇ ಸಂಗತಿಯನ್ನು ಹೇಳುತ್ತದೆ, ಒತ್ತಡ ಏರಿದೆ ಅಂತ. ಏರಿಸಿದವರು ಮೂವರಲ್ಲಿ ಯಾರಾದರೂ ಇರಬಹುದು. ಟವರ್ ಸರಿಯಾಗಿ ತಣಿಸದೆ ಬರುವ ನೀರೇ ಬಿಸಿಯಾಗಿರಬಹುದು. ಅಥವಾ ನೀರು ಸಾಲದೆ ಬರುತ್ತಿರಬಹುದು, ಸ್ಟ್ರೈನರ್ ಜಾಲರಿಯಲ್ಲಿ ಕಸ ತುಂಬಿಯೋ ವಾಲ್ವ್ ಅರ್ಧ ಮುಚ್ಚಿಯೋ. ಅಥವಾ ಕೊಳವೆಗೆ ಪದರ ಕಟ್ಟಿರಬಹುದು. ಇಲ್ಲಿ ಕಳೆಯುವ ಲೆಕ್ಕಗಳು ಪೊಲೀಸರ ಕೆಲಸ ಮಾಡುತ್ತವೆ. ಒಳಬರುವ ನೀರಿನ ಬಿಸಿಯಿಂದ ಮೊದಲ ದಿನದ 29 ಕಳೆಯಿರಿ. ಉತ್ತರ ದೊಡ್ಡದಾದರೆ ಟವರನ್ನು ವಿಚಾರಿಸಿ. (ಮಳೆಗಾಲದಲ್ಲಿ ಗಾಳಿ ತೇವವಾಗಿದ್ದು ಟವರ್ ಕಡಿಮೆ ತಣಿಸುತ್ತದೆ, ಅದನ್ನು ಮಾತ್ರ ಮನ್ನಿಸಬೇಕು.) ಹೊರಗಿನಿಂದ ಒಳಗಿನದು ಕಳೆದಾಗ 5ರ ಬದಲು 8 ಬಂದರೆ, ಅದೇ ಶಾಖವನ್ನು ಕಡಿಮೆ ನೀರು ಹೊರುತ್ತಿದೆ ಎಂದರ್ಥ, ಸ್ಟ್ರೈನರ್ ಬಿಚ್ಚಿ ನೋಡಿ. ಇವೆರಡೂ ಸರಿಯಿದ್ದು ಅಪ್ರೋಚ್ ಮಾತ್ರ ಏರಿದ್ದರೆ ಕೊಳವೆಯೇ ಕಳ್ಳ. ನಮ್ಮ ಏಪ್ರಿಲ್ ಸಾಲಿನಲ್ಲಿ 29 ಇತ್ತು, 5 ಇತ್ತು, 6 ಬಂದಿತ್ತು.

ನಾಲ್ಕನೆಯ ಒಬ್ಬ ಅಪರೂಪದ ಕಳ್ಳನೂ ಉಂಟು, ಗಾಳಿ. ಆರ್-134ಎ ಇರುವ ಯಂತ್ರದಲ್ಲಿ ಒಳಗಿನ ಒತ್ತಡ ಸದಾ ಹೊರಗಿನದಕ್ಕಿಂತ ಹೆಚ್ಚು, ಆದ್ದರಿಂದ ಗಾಳಿ ತಾನಾಗಿ ನುಗ್ಗುವುದಿಲ್ಲ. ರಿಪೇರಿಗೆ ಬಿಚ್ಚಿದಾಗ ಸರಿಯಾಗಿ ಹೊರತೆಗೆಯದಿದ್ದರೆ ಉಳಿದುಬಿಡುತ್ತದೆ, ಉಳಿದರೆ ಅಪ್ರೋಚನ್ನು ಪದರದಂತೆಯೇ ಏರಿಸುತ್ತದೆ. ಗುರುತಿಸುವುದು ಹೀಗೆ: ಕಂಪ್ರೆಸರ್ ನಿಲ್ಲಿಸಿ ನೀರು ಮಾತ್ರ ಹರಿಸುತ್ತ ಕಾಯಬೇಕು. ಸ್ವಲ್ಪ ಹೊತ್ತಿಗೆ ಗ್ಯಾಸೂ ನೀರಿನಷ್ಟೇ ಬಿಸಿಗೆ ಬರುತ್ತದೆ. ಆಗಲೂ ಗೇಜು ಅದಕ್ಕಿಂತ ಹೆಚ್ಚಿನ ಡಿಗ್ರಿ ತೋರಿಸಿದರೆ ಒಳಗೆ ಗಾಳಿ ಇದೆ.

ಈ ಲೆಕ್ಕಕ್ಕೆ ಎರಡು ಮಿತಿಗಳಿವೆ. ಯಂತ್ರ ಅರ್ಧ ಹೊರೆಯಲ್ಲಿ ಓಡುವಾಗ ದಾಟಬೇಕಾದ ಶಾಖವೂ ಅರ್ಧ, ಆದ್ದರಿಂದ ಅಪ್ರೋಚ್ ಕೂಡ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ರಾತ್ರಿ ಅರ್ಧ ಹೊರೆಯಲ್ಲಿ 2 ಕಂಡು 'ಮೊದಲ ದಿನವೂ 2 ಇತ್ತು, ಪರವಾಗಿಲ್ಲ' ಎಂದರೆ ಮೋಸಹೋದಂತೆ. ಅಲ್ಲಿ 1 ಇರಬೇಕಿತ್ತು! ಹೊರೆ ಎಷ್ಟಿತ್ತು ಎಂಬ ಕಲಮು ಇಲ್ಲದ ಲಾಗ್ ಶೀಟಿನಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ಮಿತಿ ಥರ್ಮಾಮೀಟರಿನದು. 2 ಡಿಗ್ರಿಯ ಅಂತರ ಅಳೆಯುವಾಗ ಥರ್ಮಾಮೀಟರೇ 1 ಡಿಗ್ರಿ ಸುಳ್ಳು ಹೇಳಿದರೆ ಲೆಕ್ಕ ಕೆಟ್ಟಂತೆ. ಪರೀಕ್ಷೆ ಸುಲಭ, ಮನೆಯಲ್ಲೂ ಮಾಡಬಹುದು. ಒಂದು ಲೋಟದ ತುಂಬ ಪುಡಿಮಾಡಿದ ಮಂಜುಗಡ್ಡೆ ಹಾಕಿ, ಸಂದುಗಳು ತುಂಬುವಷ್ಟು ತಣ್ಣೀರು ಬಿಟ್ಟು, ಕಲಕಿ, ಥರ್ಮಾಮೀಟರ್ ಅದ್ದಿ ಕೆಲವು ನಿಮಿಷ ಕಾಯಿರಿ. ಅದು ಸೊನ್ನೆ ತೋರಿಸಬೇಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕಾಗದು, ಶಾಲೆಯ ಪ್ರಯೋಗಶಾಲೆಯದು ಬೇಕು. ಪ್ಲಾಂಟ್ ರೂಮಿನಲ್ಲಿಯೂ ಸೆನ್ಸರುಗಳನ್ನು ವರ್ಷಕ್ಕೊಮ್ಮೆ ಹೀಗೆ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಬಹುದು.

ತೊಳೆಯುವ ದಿನ ಹೇಗಿರುತ್ತದೆ? ಮೊದಲು ಕರೆಂಟು ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, 'ಜನ ಕೆಲಸ ಮಾಡುತ್ತಿದ್ದಾರೆ' ಎಂಬ ಚೀಟಿ ತೂಗುಹಾಕುತ್ತಾರೆ. ಬೀಗದ ಕೀ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು. ಕಂಡೆನ್ಸರಿನ ನೀರಿನ ವಾಲ್ವುಗಳನ್ನು ಮುಚ್ಚಿ, ನೀರು ಬಸಿದು, ಪೀಪಾಯಿಯ ತುದಿಯ ಭಾರವಾದ ಮುಚ್ಚಳವನ್ನು ಬಿಚ್ಚಿದರೆ ಜೇನುಗೂಡಿನ ಕಣ್ಣುಗಳಂತೆ ಕೊಳವೆಗಳ ಬಾಯಿಗಳು ಕಾಣುತ್ತವೆ. ಗ್ಯಾಸ್ ಇರುವುದು ಕೊಳವೆಗಳ ಹೊರಗೆ, ಅದನ್ನು ಮುಟ್ಟುವುದೇ ಇಲ್ಲ. ಒಂದೊಂದು ಕೊಳವೆಗೂ ಉದ್ದ ಕಡ್ಡಿಯ ನೈಲಾನ್ ಬ್ರಷ್ ತೂರಿಸಿ, ನೀರು ಹಾಯಿಸಿ ತೊಳೆಯುತ್ತಾರೆ. ಕೊಳವೆಯ ಒಳಮೈಯಲ್ಲಿ ಸಣ್ಣ ಸಣ್ಣ ಗೆರೆಗಳಿರುವುದರಿಂದ ಉಕ್ಕಿನ ಬ್ರಷ್ ಬೇಡ. ಲೋಳೆ, ಪಾಚಿ, ಕೆಸರಾದರೆ ಬ್ರಷ್ಷಿಗೆ ಬರುತ್ತವೆ. ಗಟ್ಟಿ ಸುಣ್ಣದ ಪದರ ಬರುವುದಿಲ್ಲ. ಅದಕ್ಕೆ ಹದವಾದ ಆಮ್ಲ ಹಾಯಿಸಿ ಕರಗಿಸಬೇಕು. ಆಮ್ಲ ತಾಮ್ರವನ್ನೂ ತಿನ್ನಬಲ್ಲದು, ಹಾಗಾಗಿ ಅದು ಬಲ್ಲವರ ಕೆಲಸ. ಮುಚ್ಚಳ ಮತ್ತೆ ಹಾಕುವಾಗ ಹೊಸ ಗ್ಯಾಸ್ಕೆಟ್. ಓಡಿಸಿ ನೋಡಿದಾಗ ನಮ್ಮ ಆಸ್ಪತ್ರೆಯ ಅಪ್ರೋಚ್ 2.2ಕ್ಕೆ ಬಂತು. ಪೂರ್ತಿ 2 ಆಗಲಿಲ್ಲ, ಆಗಬೇಕೆಂದೂ ಇಲ್ಲ.

ಪುಸ್ತಕದಲ್ಲಿ ಉಳಿದದ್ದೂ ಇದೆ. ದಿನಕ್ಕೊಮ್ಮೆ ಎಣ್ಣೆಯ ಮಟ್ಟ ನೋಡುವುದು, ತಿಂಗಳಿಗೊಮ್ಮೆ ಸ್ಟ್ರೈನರ್ ತೊಳೆಯುವುದು, ವರ್ಷಕ್ಕೊಮ್ಮೆ ಚೂರು ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳಿಸುವುದು, ಬಿಡಿಭಾಗಗಳ ಪಟ್ಟಿ, ವಾರಂಟಿ ಪತ್ರ, ಯಾರಿಗೆ ಫೋನ್ ಮಾಡಬೇಕು ಎಂಬುದು. ಗ್ಯಾಸ್ ಸೋರಿದರೆ ಏನು ಮಾಡಬೇಕೆಂಬ ಪುಟ ಬಾಗಿಲ ಹೊರಗೆ ಅಂಟಿಸಿರಬೇಕು, ಒಳಗಲ್ಲ. ಈ ಗ್ಯಾಸ್ ಗಾಳಿಗಿಂತ ಭಾರ. ನೆಲಮಾಳಿಗೆಯಲ್ಲಿ ಸೋರಿದರೆ ನೆಲದ ಮಟ್ಟದಲ್ಲೇ ತುಂಬಿಕೊಂಡು ಉಸಿರಾಟದ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ವಾಸನೆಯಿಂದ ತಿಳಿಯುತ್ತದೆಂದು ನಂಬಿ ಕೂರುವಂತಿಲ್ಲ. ಒಳಗೆ ಓದಿ ತಿಳಿಯುವಷ್ಟು ಹೊತ್ತು ಇರುವುದಿಲ್ಲ.

ಓಡಿಸುವವರಿಗೆ ಬೇಕಾದ ಹತ್ತು ಪುಟಗಳಾದರೂ ಅವರು ಓದುವ ಭಾಷೆಯಲ್ಲಿರಬೇಕೆಂಬುದು ನನ್ನ ಹಟ. ನಮ್ಮ ಊರುಗಳ ಪ್ಲಾಂಟ್ ರೂಮುಗಳಲ್ಲಿ ಅದು ಕನ್ನಡ, ಕೆಲವೊಮ್ಮೆ ಹಿಂದಿ ಅಥವಾ ಒಡಿಯಾ.

ಈಗ ಒಂದು ಸಾಲು ನಿಮಗೆ. ಅದೇ ಯಂತ್ರ, ಪೂರ್ತಿ ಹೊರೆ, ಮಳೆಯಿಲ್ಲದ ಮೇ ತಿಂಗಳ ಮಧ್ಯಾಹ್ನ. ನೀರು ಒಳಗೆ 33, ಹೊರಗೆ 38, ಗ್ಯಾಸ್ 40. ಏಪ್ರಿಲ್‌ನಲ್ಲೂ ಗ್ಯಾಸ್ 40 ಇತ್ತಲ್ಲ, ಮತ್ತೆ ಬ್ರಷ್ ತೆಗೆದುಕೊಳ್ಳಬೇಕೇ? ಕಳೆದು ನೋಡಿ. 38 – 33 = 5, ನೀರು ಸಾಕಷ್ಟು ಬರುತ್ತಿದೆ. 40 – 38 = 2, ಕೊಳವೆ ಚೊಕ್ಕವಾಗಿದೆ. 33 – 29 = 4, ಬರುವ ನೀರೇ ಬಿಸಿ. ಬ್ರಷ್ ಕೆಳಗಿಟ್ಟು ಟೆರೇಸ್ ಹತ್ತಿ, ಟವರಿನ ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ, ನೀರು ಚಿಮುಕಿಸುವ ನಳಿಕೆಗಳಲ್ಲಿ ಕಸ ಕೂತಿದೆಯೇ ನೋಡಬೇಕು.